ಎಲ್ಲರಿಗೂ ಧನ್ಯವಾದ ಎಂದರೆ ಯಾರಿಗೂ ಅಲ್ಲ

ಲಿಂಕ್ಡ್‌ಇನ್‌ನಲ್ಲಿ ಹೊಸ ಸರ್ಟಿಫಿಕೇಟೊಂದನ್ನು ಸೇರಿಸಿದ ಕೂಡಲೇ ಅದು ಒಂದು ಮಾತು ಕೇಳುತ್ತದೆ: ಇದನ್ನು ನಿಮ್ಮ ಬಳಗಕ್ಕೆ ತಿಳಿಸೋಣವೇ? ಹೂಂ ಅಂದರೆ ವಾಕ್ಯವನ್ನೂ ಅದೇ ಬರೆದಿಟ್ಟಿರುತ್ತದೆ. ಇಂಗ್ಲಿಷಿನ ಆ ಸಿದ್ಧ ವಾಕ್ಯವನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಾಗುತ್ತದೆ: ‘ಇಂಥ ಸಂಸ್ಥೆಯಿಂದ ಇಂಥ ಹೊಸ ಸರ್ಟಿಫಿಕೇಟ್ ಪಡೆದಿದ್ದೇನೆಂದು ತಿಳಿಸಲು ಸಂತೋಷವಾಗುತ್ತದೆ.’ ಸಂತೋಷವೂ ಸಿದ್ಧವಾಗಿಯೇ ಸಿಗುತ್ತದೆ. ಬಳಕೆದಾರರು ಸ್ವಂತವಾಗಿ ಸೇರಿಸುವುದು ಆಮೇಲಿನ ಎರಡು ಮೂರು ಸಾಲು: ‘ಈ ಪಯಣದಲ್ಲಿ ಬೆಂಬಲ, ಪ್ರೋತ್ಸಾಹ, ಮಾರ್ಗದರ್ಶನ ನೀಡಿದ ಎಲ್ಲರಿಗೂ ಧನ್ಯವಾದ ಹೇಳಲು ಬಯಸುತ್ತೇನೆ. ವಿನೀತಳಾಗಿದ್ದೇನೆ. ಕಲಿಕೆ ಮುಂದುವರಿಯುತ್ತದೆ.’

ಪುಣೆಯ ಹಿಂಜವಡಿಯಿಂದ ಹೈದರಾಬಾದಿನ ಗಚ್ಚಿಬೌಲಿವರೆಗೆ, ಚೆನ್ನೈನ ಹಳೆಯ ಮಹಾಬಲಿಪುರಂ ರಸ್ತೆಯಿಂದ ಗುರುಗ್ರಾಮದವರೆಗೆ, ಕನ್ನಡಿಗರು ಹಾಕುವ ಇಂಥ ಪೋಸ್ಟುಗಳಿಗೆ ಎರಡು ಬಗೆಯ ಉತ್ತರ ಸಿಗುತ್ತದೆ. ಒಂದು, ಸಾಲಾಗಿ ಬರುವ ಅಭಿನಂದನೆಗಳು. ಇನ್ನೊಂದು, ಪೋಸ್ಟಿನ ಕೆಳಗೆ ಕಾಣಿಸದ, ಊರಿನ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾಣಿಸುವ ಮೂದಲಿಕೆ: ‘ಒಂದು ಪರೀಕ್ಷೆ ಪಾಸಾಗಿದ್ದಕ್ಕೆ ಇಷ್ಟೊಂದು ಡಂಗುರವೇ?’

ಮೂದಲಿಸುವವರದು ತಪ್ಪು. ದುಡಿಯುವ ಮನುಷ್ಯ ತಾನು ಗಳಿಸಿದ್ದನ್ನು ಕೆಲಸ ಕೊಡುವವರ ಕಣ್ಣಿಗೆ ಬೀಳುವ ಕಡೆ ಹೇಳಿಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಆ ಪೋಸ್ಟಿನಲ್ಲಿ ನಿಜವಾಗಿಯೂ ಒಂದು ದೋಷವಿದೆ. ಅದು ಸೊಕ್ಕಿನದಲ್ಲ, ವಿನಯದ್ದೇ. ವಿನಯವನ್ನು ಇಡಬಾರದ ಕಡೆ ಇಟ್ಟು, ಸ್ಪಷ್ಟವಾಗಿ ಹೇಳಬೇಕಾದ ಎರಡು ಸಂಗತಿಗಳನ್ನು ಅದು ಮರೆಮಾಡುತ್ತದೆ: ಪಾಸಾದದ್ದು ಏನನ್ನು, ಅದಕ್ಕೆ ಯಾರು ಏನು ಮಾಡಿಕೊಟ್ಟರು.

*

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವ್ಯಕ್ತಿಗಳು ಕಲ್ಪಿತ, ಪರೀಕ್ಷೆಯ ವಿವರ ಕಲ್ಪಿತವಲ್ಲ.

ಹುಬ್ಬಳ್ಳಿ ಕಡೆಯ ಒಬ್ಬ ಯುವತಿ ಪುಣೆಯ ಕಂಪನಿಯೊಂದರಲ್ಲಿ ಡೇಟಾಬೇಸ್ ಸಪೋರ್ಟ್ ಕೆಲಸದಲ್ಲಿದ್ದಾಳೆ. ಕ್ಲೌಡ್ ಕಡೆಗೆ ಹೊರಳಬೇಕೆಂದು ಅಮೆಜಾನ್ ವೆಬ್ ಸರ್ವಿಸಸ್‌ನ ಸಲ್ಯೂಷನ್ಸ್ ಆರ್ಕಿಟೆಕ್ಟ್ – ಅಸೋಸಿಯೇಟ್ ಪರೀಕ್ಷೆಗೆ ಕೂರುತ್ತಾಳೆ. ಅದರ ಸಂಕೇತ SAA-C03. ಪ್ರಶ್ನೆಗಳು 65, ಸಮಯ 130 ನಿಮಿಷ, ಶುಲ್ಕ 150 ಡಾಲರ್. ಅರವತ್ತೈದರಲ್ಲಿ 15 ಪ್ರಶ್ನೆಗಳಿಗೆ ಅಂಕವೇ ಇಲ್ಲ. ಮುಂದಿನ ಪರೀಕ್ಷೆಗಳಿಗೆ ಅವು ಆಗಿಬರುತ್ತವೆಯೇ ಎಂದು ನೋಡಲು ನಡುನಡುವೆ ಸೇರಿಸಿರುತ್ತಾರೆ, ಯಾವುವು ಎಂದು ಬರೆಯುವವರಿಗೆ ಗೊತ್ತಾಗುವುದಿಲ್ಲ. ಪಾಸಾಗಲು ಸಾವಿರಕ್ಕೆ 720 ಬರಬೇಕು.

ಇಲ್ಲೇ ಮೊದಲ ಎಡವಟ್ಟು. 720 ಎಂದರೆ ನೂರಕ್ಕೆ 72 ಅಲ್ಲ. ಒಂದು ಪ್ರಶ್ನೆಪತ್ರಿಕೆ ಇನ್ನೊಂದಕ್ಕಿಂತ ತುಸು ಕಠಿಣವಾಗಿರಬಹುದು. ಆ ವ್ಯತ್ಯಾಸವನ್ನು ಸರಿದೂಗಿಸಿ ಅಂಕಗಳನ್ನು 100ರಿಂದ 1000ದ ಒಂದೇ ಅಳತೆಗೋಲಿಗೆ ಇಳಿಸಿರುತ್ತಾರೆ. ಎಷ್ಟು ಉತ್ತರ ಸರಿಯಾಯಿತು ಎಂಬುದನ್ನು ಆ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಲಾಗದು. ಹಾಗಾಗಿ ‘ಶೇಕಡಾ 84 ಗಳಿಸಿದೆ’ ಎಂದು ಪೋಸ್ಟಿನಲ್ಲಿ ಬರೆದವರು ಸುಳ್ಳು ಹೇಳುತ್ತಿಲ್ಲವಾದರೂ ಹೇಳುತ್ತಿರುವುದು ನಿಜವಲ್ಲ. ‘ಪಾಸಾದೆ’ ಎಂಬ ಪುಟ್ಟ ಕ್ರಿಯಾಪದ ಅದಕ್ಕಿಂತ ಪ್ರಾಮಾಣಿಕ. ಜೊತೆಗೆ ಆ ಸರ್ಟಿಫಿಕೇಟಿಗೆ ಮೂರು ವರ್ಷದ ಆಯುಸ್ಸು. ಯಾವ ವರ್ಷದವರೆಗೆ ಎಂದು ಬರೆಯುವುದು ಕೂಡ ವಿನಯವೇ: ಇದು ಬದುಕಿಡೀ ಉಳಿಯುವ ಬಿರುದಲ್ಲ ಎಂದು ಒಪ್ಪಿಕೊಂಡಂತೆ.

ನಮ್ಮ ಉದಾಹರಣೆಯ ಯುವತಿ ಮೊದಲ ಸಲ ಪಾಸಾಗಲಿಲ್ಲ. ವಿಷಯ ಗೊತ್ತಿರಲಿಲ್ಲವೆಂದಲ್ಲ, ಸಮಯ ಸಾಲಲಿಲ್ಲ. 65 ಪ್ರಶ್ನೆಗೆ 130 ನಿಮಿಷ ಅಂದರೆ ಪ್ರಶ್ನೆಯೊಂದಕ್ಕೆ ಎರಡೇ ನಿಮಿಷ. ಪ್ರಶ್ನೆಗಳೋ ಒಂದೊಂದು ಪ್ಯಾರಾದಷ್ಟು ಉದ್ದ. ಕಂಪನಿಯೊಂದರ ಸ್ಥಿತಿ ವಿವರಿಸಿ, ಬೇಕುಗಳನ್ನು ಹೇಳಿ, ಕೊನೆಯಲ್ಲಿ ‘ಅತಿ ಕಡಿಮೆ ಖರ್ಚಿನ ಉಪಾಯ ಯಾವುದು’ ಎಂದೋ ‘ಅತಿ ಕಡಿಮೆ ಉಸ್ತುವಾರಿ ಬೇಡುವ ಉಪಾಯ ಯಾವುದು’ ಎಂದೋ ಕೇಳುತ್ತಾರೆ. ನಾಲ್ಕು ಉತ್ತರಗಳಲ್ಲಿ ಎರಡು ಮೂರು ಕೆಲಸ ಮಾಡುವಂಥವೇ ಆಗಿದ್ದು, ಆ ಒಂದು ವಿಶೇಷಣಕ್ಕೆ ಹೊಂದುವುದು ಮಾತ್ರ ಸರಿಯುತ್ತರವಾಗಿರುತ್ತದೆ. ಎಂಟನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಇಂಗ್ಲಿಷ್ ಪ್ಯಾರಾವನ್ನು ಎರಡು ಸಲ ಓದುತ್ತಾಳೆ. ಕೊನೆಯ ಒಂಬತ್ತು ಪ್ರಶ್ನೆಗಳಿಗೆ ಬರುವಷ್ಟರಲ್ಲಿ ಗಡಿಯಾರ ಮುಗಿಯುತ್ತ ಬಂದಿತ್ತು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಓದದೆಯೇ ಒಂದೊಂದನ್ನು ಒತ್ತಿ ಮುಗಿಸಿದಳು. ಸ್ವಲ್ಪದರಲ್ಲಿ ತಪ್ಪಿತು.

ಮತ್ತೆ ಬರೆಯಬೇಕಾದರೆ 14 ದಿನ ಕಾಯಬೇಕು, ಪೂರ್ತಿ ಶುಲ್ಕ ಮತ್ತೆ ಕಟ್ಟಬೇಕು. ಅವಳ ಕಂಪನಿಯ ನಿಯಮದಲ್ಲಿ ಪಾಸಾದರೆ ಮಾತ್ರ ಶುಲ್ಕ ವಾಪಸು. ಫೇಲಾದ ಸಲದ್ದು ಕೈಯಿಂದಲೇ ಹೋಯಿತು.

ಆ ಹದಿನಾಲ್ಕು ದಿನಗಳಲ್ಲಿ ಮೂವರು ಮೂರು ಕೆಲಸ ಮಾಡಿಕೊಟ್ಟರು.

ತಂಡದ ಸಹೋದ್ಯೋಗಿಯೊಬ್ಬಳು ಎರಡು ವಾರಾಂತ್ಯದ ಆನ್‌ಕಾಲ್ ಸರದಿಯನ್ನು ತಾನು ನೋಡಿಕೊಂಡಳು. ಆನ್‌ಕಾಲ್ ಎಂದರೆ ಬೆಳಗಿನ ಜಾವ ಮೂರಕ್ಕೆ ಅಲಾರಂ ಬಂದರೂ ಎದ್ದು ಲ್ಯಾಪ್‌ಟಾಪ್ ತೆರೆಯುವ ಕೆಲಸ. ಅದರಲ್ಲಿ ಒಂದು ಶನಿವಾರ ಅವಳಿಗೂ ಮನೆಯಲ್ಲಿ ಹಬ್ಬವಿತ್ತು.

ಪಕ್ಕದ ತಂಡದ ಹಿರಿಯರೊಬ್ಬರು ಊಟದ ಬಿಡುವಿನಲ್ಲಿ ಕಾಗದದ ಮೇಲೆ ಚಿತ್ರ ಬರೆದು ಒಂದು ವಿಷಯ ತಿಳಿಸಿಕೊಟ್ಟರು. ಇಂಟರ್ನೆಟ್ಟಿಗೆ ನೇರ ಬಾಗಿಲಿಲ್ಲದ ಒಳಗಿನ ಸರ್ವರುಗಳು ತಮ್ಮ ಕಡತಗಳನ್ನು ಅಮೆಜಾನಿನ S3 ಉಗ್ರಾಣಕ್ಕೆ ಕಳಿಸಬೇಕು ಎಂದುಕೊಳ್ಳಿ. ನ್ಯಾಟ್ ಗೇಟ್‌ವೇ ಮೂಲಕ ಕಳಿಸಿದರೆ ಕೆಲಸವೇನೋ ಆಗುತ್ತದೆ, ಆದರೆ ಅದು ಟೋಲ್ ರಸ್ತೆ: ಗಂಟೆಗಿಷ್ಟು ಬಾಡಿಗೆ, ಹಾದುಹೋದ ಪ್ರತಿ ಗಿಗಾಬೈಟಿಗೆ ಇಷ್ಟು ದರ. ಅದೇ ಪ್ರದೇಶದ S3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಎಂಬ ಒಳದಾರಿ ಇದೆ. ದಾರಿಪಟ್ಟಿಯಲ್ಲಿ ಒಂದು ನಮೂದು ಸೇರಿಸಿದರೆ ಸಾಕು, ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಎರಡೂ ‘ಕೆಲಸ ಮಾಡುವ’ ಉಪಾಯಗಳೇ. ಬಿಲ್ಲು ಬಂದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಆ ಹಿರಿಯರು ಅದನ್ನು ಕಲಿತದ್ದು ಪುಸ್ತಕದಿಂದಲ್ಲ, ತಮ್ಮ ತಂಡಕ್ಕೆ ಬಂದ ಒಂದು ಬಿಲ್ಲಿನಿಂದ. ಈ ಪರೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಖರ್ಚು ಉಳಿಸುವ ವಿನ್ಯಾಸಕ್ಕೇ ಮೀಸಲು. ಓದಿ ಮರೆತಿದ್ದದ್ದು ಆ ಬಿಲ್ಲಿನ ಕಥೆಯೊಂದಿಗೆ ತಲೆಯಲ್ಲಿ ನಿಂತಿತು.

ಮೂರನೆಯವನು ಗುತ್ತಿಗೆಯ ಮೇಲೆ ಬಂದ ಹುಡುಗ, ಬೇರೊಂದು ಏಜೆನ್ಸಿಯ ಪಟ್ಟಿಯಲ್ಲಿರುವವನು. ಅವನು ಹೇಳಿದ್ದು ಒಂದೇ ಮಾತು: ‘ಅಕ್ಕಾರ, ಇಂಗ್ಲಿಷ್ ನಮ್ಮ ಮಾತೃಭಾಷೆ ಅಲ್ಲ ಅಂದ್ರ ಅರ್ಧ ತಾಸು ಜಾಸ್ತಿ ಕೊಡ್ತಾರ, ನೀವು ಕೇಳಿಲ್ಲೇನ್ರಿ?’

ಅವಳಿಗೆ ಗೊತ್ತೇ ಇರಲಿಲ್ಲ. ಈ ಪರೀಕ್ಷೆ ಜಪಾನಿ, ಕೊರಿಯನ್, ಚೀನಿ, ಜರ್ಮನ್ ಭಾಷೆಗಳಲ್ಲಿ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಆದರೆ ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷಿನಲ್ಲೇ ಬರೆದರೆ 30 ನಿಮಿಷ ಹೆಚ್ಚು ಕೊಡುವ ಸೌಲಭ್ಯವಿದೆ. ಸರ್ಟಿಫಿಕೇಷನ್ ಖಾತೆಯೊಳಗೆ ಅದರ ಹೆಸರು ESL +30. ಅದನ್ನು ಪರೀಕ್ಷೆಯ ದಿನಾಂಕ ಕಾಯ್ದಿರಿಸುವ ಮುನ್ನವೇ ಕೇಳಿಕೊಳ್ಳಬೇಕು. ಕಾಯ್ದಿರಿಸಿದ ಮೇಲೆ ನೆನಪಾದರೆ ಆ ಸಲಕ್ಕೆ ಒದಗುವುದಿಲ್ಲ. ಒಮ್ಮೆ ಕೇಳಿಕೊಂಡರೆ ಮುಂದಿನ ಪರೀಕ್ಷೆಗಳಿಗೂ ಅದೇ ಅನ್ವಯಿಸುತ್ತದೆ. 130 ನಿಮಿಷ 160 ಆಯಿತು, ಪ್ರಶ್ನೆಯೊಂದಕ್ಕೆ ಸುಮಾರು ಎರಡೂವರೆ ನಿಮಿಷ. ಎರಡನೆಯ ಸಲ ಅವಳು ಎಲ್ಲ ಪ್ರಶ್ನೆಗಳನ್ನೂ ಓದಿದಳು, ಪಾಸಾದಳು.

ಈಗ ಅವಳು ಪೋಸ್ಟ್ ಹಾಕುತ್ತಾಳೆ: ‘ಬೆಂಬಲ, ಪ್ರೋತ್ಸಾಹ, ಮಾರ್ಗದರ್ಶನ ನೀಡಿದ ಎಲ್ಲರಿಗೂ ಧನ್ಯವಾದ.’

ಆನ್‌ಕಾಲ್ ಎಲ್ಲಿ ಹೋಯಿತು? ಬಿಲ್ಲಿನ ಕಥೆ ಎಲ್ಲಿ? ಆ ಅರ್ಧ ತಾಸು ಎಲ್ಲಿ?

*

ಧನ್ಯವಾದ ಹೇಳುವುದು ಎಂದರೇನು ಎಂಬುದನ್ನು ಭಾಷಾವಿಜ್ಞಾನ ಲಘುವಾಗಿ ತೆಗೆದುಕೊಂಡಿಲ್ಲ. ಜಾನ್ ಸರ್ಲ್ 1969ರ ತಮ್ಮ ಪುಸ್ತಕದಲ್ಲಿ ಮಾತಿನ ಮೂಲಕ ಮಾಡುವ ಕೆಲಸಗಳಿಗೆ, ಅಂದರೆ ಮಾತು ಕೊಡುವುದು, ಕೇಳಿಕೊಳ್ಳುವುದು, ಎಚ್ಚರಿಸುವುದು ಮುಂತಾದವಕ್ಕೆ, ಏನೇನು ಇದ್ದರೆ ಅವು ಪೂರ್ಣವಾಗುತ್ತವೆ ಎಂದು ಪಟ್ಟಿ ಮಾಡಿದರು. ಕೃತಜ್ಞತೆ ಹೇಳುವುದಕ್ಕೆ ಅವರು ಇಟ್ಟ ಮೊದಲ ನಿಬಂಧನೆ: ಕೇಳುವವರು ಹಿಂದೆ ಮಾಡಿದ ಒಂದು ಕೆಲಸ ಇರಬೇಕು. ಎರಡನೆಯದು: ಅದರಿಂದ ಹೇಳುವವರಿಗೆ ಒಳಿತಾಗಿದ್ದು, ಹಾಗೆಂದು ಅವರು ನಂಬಿರಬೇಕು. ಉಪಕಾರದ ಭಾವ ಬರುವುದು ಇವೆರಡರ ನಂತರ.

ಈ ನಿಬಂಧನೆಯನ್ನು ಪೋಸ್ಟಿಗೆ ಹಚ್ಚಿ ನೋಡಿ. ‘ಎಲ್ಲರೂ’ ಎಂದರೆ ಯಾರು? ‘ಬೆಂಬಲ’ ಎಂದರೆ ಯಾವ ಕೆಲಸ? ಮಾಡಿದವರೂ ಇಲ್ಲ, ಮಾಡಿದ್ದೂ ಇಲ್ಲ. ಉಳಿದದ್ದು ಭಾವ ಒಂದೇ. ಅದನ್ನೂ ‘ಹೇಳಲು ಬಯಸುತ್ತೇನೆ’ ಎಂಬ ಸುತ್ತುಬಳಸಿನಲ್ಲಿ ಸುತ್ತಿಟ್ಟಿದೆ. ಬಯಸುವುದೇಕೆ, ಹೇಳಿಬಿಡಬಾರದೇ?

ವಾಕ್ಯಗಳ ಕ್ರಿಯಾಪದಗಳನ್ನು ಎಣಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಪಡೆದಿದ್ದೇನೆ, ಸಂತೋಷವಾಗುತ್ತದೆ, ಬಯಸುತ್ತೇನೆ, ವಿನೀತಳಾಗಿದ್ದೇನೆ: ಎಲ್ಲವೂ ಬರೆದವರ ಸುತ್ತಲೇ ತಿರುಗುತ್ತವೆ. ಬೇರೆಯವರ ಪಾಲಿಗೆ ಬಂದದ್ದು ‘ನೀಡಿದ’ ಎಂಬ ಒಂದೇ ಒಂದು ಕೃದಂತ, ಅದೂ ‘ಎಲ್ಲರು’ ಎಂಬ ಮುಖವಿಲ್ಲದ ಗುಂಪಿಗೆ ಅಂಟಿಕೊಂಡು. ವಿನಯದ ಪೋಸ್ಟಿನಲ್ಲಿ ‘ನಾನು’ ಕಮ್ಮಿಯಾಗಿಲ್ಲ, ದನಿ ಮಾತ್ರ ತಗ್ಗಿದೆ.

ಜೆಫ್ರಿ ಲೀಚ್ 1983ರಲ್ಲಿ ಸೌಜನ್ಯದ ಸೂತ್ರಗಳನ್ನು ವಿಂಗಡಿಸುವಾಗ ವಿನಯವನ್ನೂ ಒಂದು ಸೂತ್ರವಾಗಿಟ್ಟರು: ತನ್ನ ಹೊಗಳಿಕೆ ತಗ್ಗಿಸು, ತೆಗಳಿಕೆ ಹೆಚ್ಚಿಸು. ಗಮನಿಸಬೇಕಾದದ್ದು ಏನೆಂದರೆ ಈ ಸೂತ್ರ ಕೆಲಸ ಮಾಡುವುದು ತನ್ನ ಮೇಲೆ ಮಾತ್ರ. ತನ್ನನ್ನು ಎಷ್ಟೇ ತಗ್ಗಿಸಿಕೊಂಡರೂ ಇನ್ನೊಬ್ಬರು ಅದರಿಂದ ಕಣ್ಣಿಗೆ ಬೀಳುವುದಿಲ್ಲ. ವಿನಯವೇ ಬೇರೆ, ಋಣ ಒಪ್ಪಿಕೊಳ್ಳುವುದೇ ಬೇರೆ. ಸಿದ್ಧ ಪೋಸ್ಟು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ತೀರಿಸಿದೆ ಎಂದುಕೊಳ್ಳುತ್ತದೆ.

ಆ ವಿನಯವಾದರೂ ಫಲ ಕೊಡುತ್ತದೆಯೇ? ಹೊರಗೆ ತಗ್ಗಿ ಒಳಗೆ ಹೊಗಳಿಕೊಳ್ಳುವ ಮಾತಿಗೆ ಇಂಗ್ಲಿಷಿನಲ್ಲಿ ‘ಹಂಬಲ್‌ಬ್ರ್ಯಾಗ್’ ಎಂಬ ಪದ ಹುಟ್ಟಿಕೊಂಡಿದೆ. ಓವುಲ್ ಸೆಜರ್, ಫ್ರಾನ್ಸೆಸ್ಕಾ ಜೀನೊ, ಮೈಕೆಲ್ ನಾರ್ಟನ್ 2018ರಲ್ಲಿ ಇದರ ಮೇಲೆ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಹೀಗೆ ಮಾತಾಡುವವರನ್ನು ಕೇಳುಗರು ನೇರವಾಗಿ ಹೊಗಳಿಕೊಂಡವರಿಗಿಂತಲೂ ಕಮ್ಮಿ ಇಷ್ಟಪಡುತ್ತಾರೆ, ಏಕೆಂದರೆ ಅದರಲ್ಲಿ ಪ್ರಾಮಾಣಿಕತೆ ಕಾಣುವುದಿಲ್ಲ. ‘ವಿನೀತಳಾಗಿದ್ದೇನೆ’ ಎನ್ನುವುದಕ್ಕಿಂತ ‘ಪಾಸಾದೆ, ಖುಷಿಯಾಗಿದೆ’ ಎನ್ನುವುದೇ ಮೇಲು.

*

ಇಲ್ಲಿ ಕನ್ನಡದಿಂದ ಕಲಿಯುವುದಿದೆ. ಇದು ಭಾಷಾಭಿಮಾನದ ಮಾತಲ್ಲ, ವ್ಯಾಕರಣದ ಮಾತು.

ಬರೆದರು, ಬರೆದುಕೊಂಡರು, ಬರೆದುಕೊಟ್ಟರು. ಮೊದಲನೆಯದು ಬರೀ ಕೆಲಸ. ಎರಡನೆಯದರಲ್ಲಿ ‘ಕೊಳ್ಳು’ ಸೇರಿದ್ದರಿಂದ ಅದು ತನಗಾಗಿ ಮಾಡಿದ ಕೆಲಸ. ಮೂರನೆಯದರಲ್ಲಿ ‘ಕೊಡು’ ಸೇರಿ ಅದು ಇನ್ನೊಬ್ಬರಿಗಾಗಿ ಮಾಡಿದ್ದಾಯಿತು. ಉಪಕಾರ ಯಾರ ಕಡೆಗೆ ಹರಿಯಿತು ಎಂಬುದನ್ನು ಕನ್ನಡ ಕ್ರಿಯಾಪದದ ಬಾಲದಲ್ಲೇ ಹೇಳಿಬಿಡುತ್ತದೆ. ‘ಹೇಳಿಕೊಟ್ಟರು’ ಎಂದು ಬಾಯಿಬಿಟ್ಟ ಕೂಡಲೇ ಕೇಳುವವರು ಯಾರು ಎನ್ನುತ್ತಾರೆ, ಏನನ್ನು ಎನ್ನುತ್ತಾರೆ. ‘ಮಾರ್ಗದರ್ಶನ’ ಎಂದರೆ ಯಾರೂ ಏನೂ ಕೇಳುವುದಿಲ್ಲ, ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಬೆಂಬಲ, ಪ್ರೋತ್ಸಾಹ, ಮಾರ್ಗದರ್ಶನ ಮೂರೂ ನಾಮಪದಗಳು. ನಾಮಪದಕ್ಕೆ ಕರ್ತೃ ಬೇಕಿಲ್ಲ, ಕಾಲ ಬೇಕಿಲ್ಲ. ಅವುಗಳನ್ನು ‘ಕೊಟ್ಟರು’ ಬಾಲದ ಕ್ರಿಯಾಪದಕ್ಕೆ ತಿರುಗಿಸಲು ಹೊರಟರೆ ಅಡಗಿದ್ದವರು ಹೊರಗೆ ಬರಲೇಬೇಕು. ಬೆಂಬಲ ಎಂದರೆ ಆನ್‌ಕಾಲ್ ತೆಗೆದುಕೊಂಡು ಎರಡು ವಾರಾಂತ್ಯ ಬಿಡುವು ಮಾಡಿಕೊಟ್ಟಳು. ಮಾರ್ಗದರ್ಶನ ಎಂದರೆ ಚಿತ್ರ ಬರೆದು ತಿಳಿಸಿಕೊಟ್ಟರು. ಹಾಗೆ ತಿರುಗಿಸಲು ಬಾರದಿದ್ದರೆ, ಅಂದರೆ ಯಾರು ಏನು ಮಾಡಿಕೊಟ್ಟರು ಎಂದು ಎಷ್ಟು ಯೋಚಿಸಿದರೂ ಹೊಳೆಯದಿದ್ದರೆ, ಆ ನಾಮಪದವನ್ನು ಹೊಡೆದುಹಾಕುವುದೇ ಸರಿ. ಅಲ್ಲಿ ಋಣವಿಲ್ಲ, ಅಲಂಕಾರವಿದೆ.

ಮನೆಮಾತಿನಲ್ಲಿ ಹತ್ತಿರದವರಿಗೆ ಧನ್ಯವಾದ ಎಂದು ಹೇಳುವವರು ಕಮ್ಮಿ. ಹೇಳಿದರೆ ದೂರ ಮಾಡಿದಂತಾಗುತ್ತದೆ. ಹುಬ್ಬಳ್ಳಿ ಕಡೆ ‘ನೀ ಇದ್ದಿ ಅಂತ ಆತ್ ನೋಡು’ ಎನ್ನುತ್ತಾರೆ. ಕೃತಜ್ಞತೆಯ ಪದವೇ ಇಲ್ಲದ ಆ ವಾಕ್ಯದಲ್ಲಿ ಸರ್ಲ್ ಕೇಳುವುದೆಲ್ಲ ಇದೆ: ಒಬ್ಬ ನೀನು, ಆದ ಒಂದು ಕೆಲಸ, ನೀನಿಲ್ಲದಿದ್ದರೆ ಅದು ಆಗುತ್ತಿರಲಿಲ್ಲ ಎಂಬ ಒಪ್ಪಿಗೆ.

ಬರಹದಲ್ಲೂ ಕನ್ನಡಕ್ಕೆ ಇದರ ರೂಢಿಯಿದೆ. ಹಳೆಯ ಪುಸ್ತಕಗಳ ಮೊದಲ ಪುಟಗಳಲ್ಲಿ ಲೇಖಕರ ಮಾತಿಗೆ ‘ಅರಿಕೆ’ ಅಥವಾ ‘ಬಿನ್ನಹ’ ಎಂಬ ತಲೆಬರಹ ಇರುತ್ತಿತ್ತು. ಅರಿಕೆ ಎಂದರೆ ತಿಳಿಸುವುದೂ ಹೌದು, ತಲೆಬಾಗುವುದೂ ಹೌದು. ಅಲ್ಲಿಯೂ ಸವಕಲು ವಿನಯ ಬೇಕಾದಷ್ಟಿತ್ತು, ನಿಜ. ಆದರೆ ಒಳ್ಳೆಯ ಅರಿಕೆಯಲ್ಲಿ ಹಸ್ತಪ್ರತಿ ಓದಿದವರ, ಕರಡು ತಿದ್ದಿದವರ, ಅಚ್ಚು ಹಾಕಿದವರ ಹೆಸರುಗಳು ಅವರವರ ಕೆಲಸದ ಸಮೇತ ಬರುತ್ತಿದ್ದವು. ಕರಡು ತಿದ್ದಿದವರ ಹೆಸರು ಆ ಪುಸ್ತಕದಲ್ಲಿ ಉಳಿಯುವುದು ಆ ಒಂದೇ ಸಾಲಿನಲ್ಲಿ.

*

ಹೀಗೆ ಬರೆಯಿರಿ ಎಂದರೆ ಬರುವ ಆಕ್ಷೇಪಣೆಗಳು ಮೂರು, ಮೂರಕ್ಕೂ ಉತ್ತರ ಕೊಡಬೇಕು.

ಮೊದಲನೆಯದು: ನಾಲ್ಕು ಹೆಸರು ಹೇಳಿದರೆ ಐದನೆಯವರಿಗೆ ಬೇಸರವಾಗುತ್ತದೆ, ‘ಎಲ್ಲರಿಗೂ’ ಎಂದರೆ ಯಾರಿಗೂ ನೋವಿಲ್ಲ. ಹೌದು, ಯಾರಿಗೂ ನೋವಿಲ್ಲ, ಯಾರಿಗೂ ಸಲ್ಲುವುದೂ ಇಲ್ಲ. ಇದು ಜಗಳ ತಪ್ಪಿಸಿಕೊಳ್ಳುವ ಉಪಾಯ, ಉಪಕಾರ ಸ್ಮರಣೆಯಲ್ಲ. ಮದುವೆಯಲ್ಲಿ ಮುಯ್ಯಿ ಬರೆದವರ ಹೆಸರನ್ನು ಪಟ್ಟಿಯಲ್ಲಿ ಬರೆದಿಡುವುದು ಬಿಟ್ಟುಹೋದವರನ್ನು ನೋಯಿಸಲೆಂದಲ್ಲ. ತೀರಿಸುವ ದಿನ ಬಂದಾಗ ಗೊತ್ತಿರಲೆಂದು. ಲಿಂಕ್ಡ್‌ಇನ್ ಪೋಸ್ಟಿಗೆ 3000 ಅಕ್ಷರಗಳ ಜಾಗವಿದೆ, ಜಾಗದ ಕೊರತೆಯಂತೂ ಇಲ್ಲ.

ಎರಡನೆಯದು ಇದಕ್ಕಿಂತ ಗಟ್ಟಿ: ಹೆಸರು ಹೇಳುವುದರಿಂದ ಉಪಕಾರ ಮಾಡಿದವರಿಗೇ ತೊಂದರೆಯಾದೀತು. ಆನ್‌ಕಾಲ್ ಸರದಿ ಬಾಯಿಮಾತಿನಲ್ಲಿ ಬದಲಾಗಿದ್ದರೆ ಮ್ಯಾನೇಜರ್ ಕಣ್ಣಿಗೆ ಅದು ನಿಯಮ ತಪ್ಪಿದಂತೆ ಕಾಣಬಹುದು. ಬಿಲ್ಲಿನ ಕಥೆ ಕಂಪನಿಯ ಒಳಗಿನ ಮಾತು. ಇದಕ್ಕೆ ಪರಿಹಾರ ಹೆಸರು ಬಿಡುವುದಲ್ಲ, ಕೇಳುವುದು. ಹಾಕುವ ಮುನ್ನ ಆ ಸಾಲನ್ನು ಅವರಿಗೆ ಕಳಿಸಿ ‘ಹೀಗೆ ಬರೆಯಲೇ?’ ಎಂದರೆ ಸಾಕು. ಬಿಲ್ಲಿನ ಮೊತ್ತ ಬಿಟ್ಟು ಕಲಿತ ವಿಷಯ ಬರೆಯಬಹುದು. ಒಂದು ಸಂಗತಿಯನ್ನು ಮಾತ್ರ ಯಾರೂ ಒಪ್ಪಿದರೂ ಬರೆಯುವಂತಿಲ್ಲ: ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳು. ಅವನ್ನು ಹೊರಗೆ ಹೇಳುವುದಿಲ್ಲವೆಂದು ಒಪ್ಪಿಕೊಂಡೇ ಪ್ರತಿಯೊಬ್ಬರೂ ಪರೀಕ್ಷೆಗೆ ಕೂತಿರುತ್ತಾರೆ. ‘ಡಂಪ್’ ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ಹೋಗುವ ಪ್ರಶ್ನೆಸಂಗ್ರಹಗಳಿಂದ ಪಾಸಾದವರ ಫಲಿತಾಂಶ ರದ್ದಾಗಬಹುದು. ಇಲ್ಲೊಂದು ಸುಲಭದ ಪರೀಕ್ಷೆ ಇದೆ: ಹೆಸರು ಹಿಡಿದು, ಕೆಲಸ ಹೇಳಿ ಕೃತಜ್ಞತೆ ಬರೆಯಲಾಗದ ಸಹಾಯವಾಗಿದ್ದರೆ ಅದು ಪಡೆಯಬಾರದಿದ್ದ ಸಹಾಯವೇ ಇರಬೇಕೆಂದು ಒಮ್ಮೆ ಯೋಚಿಸುವುದು ಒಳ್ಳೆಯದು. ‘ಎಲ್ಲರಿಗೂ’ ಎಂಬ ಪದದ ನೆರಳಿನಲ್ಲಿ ಡಂಪ್ ಕೊಟ್ಟವರೂ ಆನ್‌ಕಾಲ್ ಮಾಡಿದವಳೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಇದು ಅವಳಿಗೆ ಮಾಡುವ ಅವಮಾನ.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರ ಮನಸ್ಸಿನಲ್ಲಿರುವ ಆಕ್ಷೇಪಣೆ: ಎರಡನೆಯ ಸಲಕ್ಕೆ ಪಾಸಾದೆ, ಹೆಚ್ಚಿನ ಅರ್ಧ ತಾಸು ಕೇಳಿಕೊಂಡೆ ಎಂದು ಬರೆದರೆ ಬೆಲೆ ಕಮ್ಮಿಯಾಗುವುದಿಲ್ಲವೇ?

ಪ್ರಶ್ನೆಗಳು ಅವೇ, ಪಾಸಾಗುವ ಗೆರೆಯೂ ಅದೇ 720. ಹೆಚ್ಚು ಸಿಕ್ಕದ್ದು ಓದುವ ಸಮಯ ಮಾತ್ರ, ಅದೂ ಪರೀಕ್ಷೆ ನಡೆಸುವವರೇ ನ್ಯಾಯವೆಂದು ಇಟ್ಟಿರುವ ಸಮಯ. ಪರೀಕ್ಷೆ ಅಳೆಯಬೇಕಾದದ್ದು ಒಳ್ಳೆಯ ವಿನ್ಯಾಸ ಗೊತ್ತೇ ಎಂಬುದನ್ನು, ಇಂಗ್ಲಿಷ್ ಪ್ಯಾರಾ ಎಷ್ಟು ವೇಗವಾಗಿ ಓದುತ್ತಾರೆ ಎಂಬುದನ್ನಲ್ಲ. ಇದನ್ನು ಮುಚ್ಚಿಡುವವರು ತಮ್ಮ ಹಿಂದೆ ಬರುತ್ತಿರುವ ಕನ್ನಡ ಮಾಧ್ಯಮದವರಿಗೆ ದಾರಿಯ ಗುರುತನ್ನು ಅಳಿಸುತ್ತಿದ್ದಾರೆ. ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ಬಂದು ಚೆನ್ನೈನಲ್ಲಿ ಕೂತ ಇನ್ನೊಬ್ಬರು ಅದೇ ಒಂಬತ್ತು ಪ್ರಶ್ನೆಗಳನ್ನು ಓದದೇ ಒತ್ತುತ್ತಿರಬಹುದು, ಅದೇ 150 ಡಾಲರ್ ಕಳೆದುಕೊಳ್ಳುತ್ತಿರಬಹುದು. ‘ಕಲಿಕೆ ಮುಂದುವರಿಯುತ್ತದೆ’ ಎಂಬ ಸಾಲಿನಿಂದ ಅವರಿಗೆ ನಯಾಪೈಸೆ ಉಪಯೋಗವಿಲ್ಲ. ‘ಕಾಯ್ದಿರಿಸುವ ಮುನ್ನ ESL +30 ಕೇಳಿಕೊಳ್ಳಿ’ ಎಂಬ ಸಾಲಿನಿಂದ ಇದೆ.

*

ಹಾಗಾದರೆ ಅವಳ ಪೋಸ್ಟು ಹೇಗಿರಬಹುದಿತ್ತು? ಗೆರೆ ಎಳೆದಲ್ಲಿ ಹೆಸರು ಬರುತ್ತದೆ.

‘AWS ಸಲ್ಯೂಷನ್ಸ್ ಆರ್ಕಿಟೆಕ್ಟ್ – ಅಸೋಸಿಯೇಟ್ ಪರೀಕ್ಷೆ ಪಾಸಾದೆ. ಇದು ಎರಡನೆಯ ಪ್ರಯತ್ನ. ಸರ್ಟಿಫಿಕೇಟ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಮೊದಲ ಸಲ ಸಮಯ ಸಾಲದೆ ಒಂಬತ್ತು ಪ್ರಶ್ನೆ ಓದಲಾಗಲಿಲ್ಲ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ 30 ನಿಮಿಷ ಹೆಚ್ಚು ಸಿಗುತ್ತದೆಂದು ______ ತಿಳಿಸಿಕೊಟ್ಟರು. ದಿನಾಂಕ ಕಾಯ್ದಿರಿಸುವ ಮುನ್ನವೇ ಅದನ್ನು ಕೇಳಿಕೊಳ್ಳಬೇಕು. ಎರಡು ವಾರಾಂತ್ಯ ನನ್ನ ಆನ್‌ಕಾಲ್ ಅನ್ನು ______ ನೋಡಿಕೊಂಡರು. S3ಗೆ ಹೋಗುವ ದಾರಿಗಳ ಖರ್ಚಿನ ಲೆಕ್ಕವನ್ನು ______ ಚಿತ್ರ ಬರೆದು ಹೇಳಿಕೊಟ್ಟರು. ಈ ಮೂವರು ಇದ್ದದ್ದಕ್ಕೆ ಇದು ಆಯಿತು.’

ಇದರಲ್ಲಿ ‘ಧನ್ಯವಾದ’ ಎಂಬ ಪದವಿಲ್ಲ, ‘ವಿನೀತ’ ಎಂಬ ಪದವೂ ಇಲ್ಲ. ಎರಡರ ಕೊರತೆಯೂ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೂ ಇದೇ ಕಟ್ಟು ನಿಲ್ಲುತ್ತದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವುದರಿಂದ ಕೆಟ್ಟದ್ದೇ ಆಗಬೇಕೆಂದಿಲ್ಲ. ಸಾಲುಗಳ ಕ್ರಮವೂ ಯೋಚಿಸಿ ಇಟ್ಟದ್ದು. ಲಿಂಕ್ಡ್‌ಇನ್ ಮೊದಲ ಕೆಲವೇ ಸಾಲುಗಳನ್ನು ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ಸಾಮಾನ್ಯ ಪೋಸ್ಟಿನಲ್ಲಿ ಸಂತೋಷ, ಪಯಣ, ಹೆಮ್ಮೆ ಮೇಲೆ ಉಳಿದು, ಕೃತಜ್ಞತೆ ಮಡಿಕೆಯ ಒಳಗೆ ಹೋಗುತ್ತದೆ. ಬಿಚ್ಚಿ ನೋಡುವವರು ಕಮ್ಮಿ. ಹೆಸರುಗಳನ್ನು ಆದಷ್ಟು ಮೇಲಕ್ಕೆ ತರಬೇಕು.

ಅವುಗಳಲ್ಲೂ ಯಾವ ಹೆಸರು ಮೊದಲು? ಆನ್‌ಕಾಲ್ ನೋಡಿಕೊಂಡವಳಿಗೆ ವರ್ಷದ ಕೊನೆಗೆ ಅಪ್ರೈಸಲ್ ಇದೆ, ಅಲ್ಲಿ ಹೇಳಿಕೊಳ್ಳಲು ಅವಕಾಶವಿದೆ. ಹಿರಿಯರಿಗೆ ಹೆಸರಿದೆ, ಸ್ಥಾನವಿದೆ. ಗುತ್ತಿಗೆಯ ಹುಡುಗನಿಗೆ ಅವನು ದುಡಿಯುವ ಕಂಪನಿಯಲ್ಲಿ ಅಪ್ರೈಸಲ್ ಇಲ್ಲ, ಏಜೆನ್ಸಿಗೆ ಅವನ ಮುಖದ ಪರಿಚಯವೂ ಅಷ್ಟಕ್ಕಷ್ಟೇ. ಗುತ್ತಿಗೆ ಮುಗಿದ ದಿನ ಗುರುತಿನ ಚೀಟಿ ಒಪ್ಪಿಸಿ ಹೊರಟರೆ ಅವನು ಅಲ್ಲಿ ಯಾರಿಗೆ ಏನು ಮಾಡಿಕೊಟ್ಟ ಎಂಬುದಕ್ಕೆ ಒಂದು ಸಾಲಿನ ದಾಖಲೆಯೂ ಇರುವುದಿಲ್ಲ. ಪೋಸ್ಟಿನಲ್ಲಿ ಅವನ ಹೆಸರನ್ನು ಟ್ಯಾಗ್ ಮಾಡಿ ‘ತಿಳಿಸಿಕೊಟ್ಟರು’ ಎಂದು ಬರೆದರೆ, ಮುಂದಿನ ಕೆಲಸ ಹುಡುಕುವಾಗ ಅವನು ಬೆರಳಿಟ್ಟು ತೋರಿಸಬಹುದಾದ ಸಾಕ್ಷಿ ಅದೊಂದು.

ಆ ಸಾಲು ಬರೆಯಲು ಹಿಡಿಯುವ ಸಮಯ ಎರಡು ನಿಮಿಷ. ಅವನಿಂದ ಅವಳಿಗೆ ಸಿಕ್ಕದ್ದು ಮೂವತ್ತು.